ಕ್ಯಾಂಟೀನ್ ಪಫ್ಸ್ ಇಟ್ಟುಕೊಂಡು ಬೇಡಿಕೆ-ಪೂರೈಕೆ ಪಾಠ ಮಾಡಲು ಹೋಗಿ ಮಕ್ಕಳ ಪ್ರಶ್ನೆಗೆ ಸಿಕ್ಕಿಬಿದ್ದೆ

ಚಾಕ್‌ಪೀಸ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದನೇ ತರಗತಿಗೆ ಅರ್ಥಶಾಸ್ತ್ರ ಹೇಳುತ್ತೇನೆ. ಈ ಸಲ ಬೋರ್ಡ್ ಮೇಲೆ ಸುಮ್ನೆ ಎರಡು ಗೆರೆ ಎಳೆದು ಮುಗಿಸುವುದು ಬೇಡ, ನಮ್ಮ ಶಾಲೆಯ ಕ್ಯಾಂಟೀನನ್ನೇ ತೋರಿಸೋಣ ಅಂದುಕೊಂಡೆ. ವಸ್ತು ವೆಜ್ ಪಫ್ಸ್. ಬೆಲೆ 15 ರೂಪಾಯಿ, ಬೆಳಗಿನ ಬಿಡುವು 10.40ರಿಂದ 11.00.

ಮೊದಲು ತರಗತಿಯ 36 ಮಕ್ಕಳಿಗೂ ಒಂದೊಂದು ಚೀಟಿ ಕೊಟ್ಟೆ. 'ಒಂದು ಪಫ್ಸ್‌ಗೆ ಹೆಚ್ಚೆಂದರೆ ಎಷ್ಟು ಕೊಡ್ತೀರಿ, ಹೆಸರು ಬೇಡ, ಮೊತ್ತ ಮಾತ್ರ ಬರೆಯಿರಿ' ಅಂದೆ. 30 ರೂಪಾಯಿ ಅಂತ ಇಬ್ಬರು ಬರೆದರು, 25 ಅಂತ ಮೂವರು, 20 ಅಂತ ಏಳು ಜನ, 15 ಅಂತ ಹನ್ನೊಂದು, 10 ಅಂತ ಎಂಟು. ಐದು ಜನ ತಿನ್ನುವುದೇ ಇಲ್ಲವಂತೆ. ಇದನ್ನು ಗ್ರಾಫ್ ಮಾಡಿದರೆ ಇಳಿಯುವ ಗೆರೆ ಬರಬೇಕಿತ್ತು. ಬಂದದ್ದು ಚಾಮುಂಡಿ ಬೆಟ್ಟ! 15ರಲ್ಲಿ ತುದಿ, ಎರಡೂ ಕಡೆ ಇಳಿಜಾರು. ಹಿಂದಿನ ಬೆಂಚಿನವರು ನಕ್ಕರು.

ಎರಡನೆಯದು ಇನ್ನೂ ಕಷ್ಟ. ಇಬ್ಬರು ಮಕ್ಕಳನ್ನು ಕೌಂಟರ್ ಪಕ್ಕ ನಿಲ್ಲಿಸಿ ಐದು ದಿನ ಮಾರಾಟ ಎಣಿಸಿದೆವು. ಐದೂ ದಿನ 60. ಯಾಕೆಂದರೆ ಅವರು ತರುವುದೇ 60, ಹತ್ತು ನಿಮಿಷದೊಳಗೆ ಖಾಲಿ. ಆಗ ಒಬ್ಬಳು ಎದ್ದು 'ಸರ್, ಬೇಡಿಕೆ ಜಾಸ್ತಿ ಪೂರೈಕೆ ಕಡಿಮೆ ಇದ್ದರೆ ಬೆಲೆ ಏರಬೇಕು ಅಂತ ನೀವೇ ಹೇಳಿದ್ರಿ. ಯಾಕೆ ಏರ್ತಿಲ್ಲ? ಅವರು ಯಾಕೆ ಜಾಸ್ತಿ ತರ್ತಿಲ್ಲ?' ಅಂತ ಕೇಳಿದಳು. ಬೆಲೆ ನಿರ್ಧರಿಸುವುದು ಆಡಳಿತ ಮಂಡಳಿ ಅಂತ ಹೇಳಿದೆ. ಎರಡನೇ ಪ್ರಶ್ನೆಗೆ ಗಂಟೆ ಹೊಡೆದು ಬಚಾವಾದೆ. ನಾಳೆ ಮತ್ತೆ ಅದೇ ತರಗತಿ ಇದೆ. ಏನು ಹೇಳಲಿ?

ಬಿಕಾಂ ಮುಗಿಸಿದವ

ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ ಸರ್? 60 ತಂದರು, 60 ಹೋಯಿತು. ಬೇಡಿಕೆ 60, ಪೂರೈಕೆ 60, ಎರಡೂ ಸಮ. ಅಂದರೆ 15 ರೂಪಾಯಿಯೇ ಸಮತೋಲನ ಬೆಲೆ. ಅದಕ್ಕೇ ಏರುತ್ತಿಲ್ಲ. ಹೀಗೇ ಹೇಳಿಬಿಡಿ.

ಪಿಯು ಉಪನ್ಯಾಸಕಿ, ಧಾರವಾಡ

ತಡೀರಿ, ಹಾಗೆ ಹೇಳಿದರೆ ಆ ಹುಡುಗಿ ನಾಳೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ಮಾರಿದ್ದು ಮತ್ತು ಕೊಂಡಿದ್ದು ಯಾವತ್ತೂ ಸಮವೇ ಇರುತ್ತವೆ, ಅದು ಒಂದೇ ವ್ಯವಹಾರದ ಎರಡು ಬದಿ. 15ರ ಬದಲು 2 ರೂಪಾಯಿಗೆ ಮಾರಿದ್ದರೂ 60 ತಂದು 60 ಹೋಗುತ್ತಿತ್ತು. ಆಗಲೂ ಸಮತೋಲನ ಅನ್ನುತ್ತೀರಾ? ಕೇಳಬೇಕಾದ್ದು ಬೇರೆ. 15 ರೂಪಾಯಿ ಕೈಯಲ್ಲಿ ಹಿಡಿದು ಬಂದವರಲ್ಲಿ ಎಷ್ಟು ಜನ ಬರಿಗೈಯಲ್ಲಿ ವಾಪಸ್ ಹೋದರು? ಅದು ಸೊನ್ನೆ ಆಗಿದ್ದರೆ ಮಾತ್ರ ನಿಮ್ಮ ಮಾತು ನಿಲ್ಲುತ್ತದೆ.

ಮೇಷ್ಟ್ರೇ, ನಿಮ್ಮ ಐದು ದಿನದ ಎಣಿಕೆ ಬೇಡಿಕೆಯ ಬಗ್ಗೆ ಏನೂ ಹೇಳುವುದಿಲ್ಲ, '60ಕ್ಕಿಂತ ಕಡಿಮೆ ಇಲ್ಲ' ಅನ್ನುವುದೊಂದನ್ನು ಬಿಟ್ಟು. ಬಕೆಟ್ ತುಂಬಿ ಹರಿಯುತ್ತಿರುವಾಗ ಬಕೆಟ್ ಅಳೆದು ಮಳೆ ಎಷ್ಟು ಬಂತು ಅಂತ ಹೇಳಿದ ಹಾಗೆ. ಮಾಲು ಉಳಿದ ದಿನದ ಎಣಿಕೆ ಮಾತ್ರ ಬೇಡಿಕೆಯ ಲೆಕ್ಕ. ಅಂಥ ದಿನ ನಿಮ್ಮ ಪಟ್ಟಿಯಲ್ಲಿ ಒಂದೂ ಇಲ್ಲ.

ಇನ್ನು ಚಾಮುಂಡಿ ಬೆಟ್ಟ. ಅದು ಮಕ್ಕಳ ತಪ್ಪಲ್ಲ, ಕೂಡಿಸುವುದನ್ನು ನೀವು ಬಿಟ್ಟಿದ್ದೀರಿ. 30 ಕೊಡಲು ತಯಾರಿರುವವರು 15ಕ್ಕೆ ಸಿಕ್ಕರೆ ಬೇಡ ಅನ್ನುತ್ತಾರಾ? ಹಾಗಾಗಿ ಮೇಲಿನಿಂದ ಕೂಡಿಸುತ್ತಾ ಬನ್ನಿ. ಬೆಲೆ 30 ಆದರೆ 2 ಜನ. 25 ಆದರೆ ಆ ಇಬ್ಬರ ಜೊತೆ ಮೂವರು, 5. 20ಕ್ಕೆ 12. 15ಕ್ಕೆ 23. 10ಕ್ಕೆ 31. ಈಗ ಗೆರೆ ಎಳೆದು ನೋಡಿ, ಬೆಟ್ಟ ಹೋಗಿ ಇಳಿಜಾರು ಉಳಿಯುತ್ತದೆ. ನೀವು ಮೊದಲು ಬರೆದದ್ದು 'ಯಾರ ಗರಿಷ್ಠ ಎಷ್ಟು' ಅನ್ನುವ ಪಟ್ಟಿ. ಬೇಡಿಕೆ ಅಂದರೆ 'ಈ ಬೆಲೆ ಇಟ್ಟರೆ ಎಷ್ಟು ಹೋಗುತ್ತದೆ' ಅನ್ನುವುದು. ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ, ನನಗೆ ಬಂದದ್ದು ನುಗ್ಗೀಕೇರಿ ಗುಡ್ಡ :)

ಚಾಕ್‌ಪೀಸ್ ಮೇಷ್ಟ್ರು

ಅಯ್ಯೋ, ಕೂಡಿಸುವುದು ಬಿಟ್ಟೇಹೋಯಿತು! ನಾಳೆ ಇದನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ. ಮೊದಲು ಬೆಟ್ಟ ತೋರಿಸಿ, ತಪ್ಪು ಎಲ್ಲಿದೆ ಹುಡುಕಿ ಅಂತ.

ಎರಡು ಮಕ್ಕಳ ಅಮ್ಮ

ಶಾಲೆಯಲ್ಲಿ ಪಫ್ಸ್ ಮಾರುವುದೇ ತಪ್ಪು ಅಲ್ವಾ? ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವುದನ್ನು ಶಾಲೆ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರಲ್ಲೇ ಬಂದಿದೆ. ಡಾಲ್ಡಾ ಮೈದಾ ತಿನ್ನಿಸಿ ಅದರ ಮೇಲೆ ಪಾಠ ಬೇರೆ. ನನ್ನ ಮಗನಿಗೆ ಡಬ್ಬಿಗೆ ಉಪ್ಪಿಟ್ಟು ಹಾಕಿದ ದಿನ ಡಬ್ಬಿ ಹಾಗೇ ವಾಪಸ್ ಬರುತ್ತದೆ, ಪಫ್ಸ್ ತಿಂದಿರುತ್ತಾನೆ. ಪುಳಿಯೋಗರೆ ಹಾಕಿದ ದಿನ ಕ್ಯಾಂಟೀನ್ ಕಡೆ ತಲೆಯೂ ಹಾಕುವುದಿಲ್ಲ.

ಪಿಯು ಉಪನ್ಯಾಸಕಿ, ಧಾರವಾಡ

ಅಮ್ಮಾ, ನೀವು ಬೈಯಲು ಬಂದು ಅರ್ಧ ಪಾಠವನ್ನೇ ಹೇಳಿದಿರಿ. ಪಫ್ಸ್ ಬೆಲೆ ಎರಡೂ ದಿನ 15. ಉಪ್ಪಿಟ್ಟಿನ ದಿನ ಬೇಕು, ಪುಳಿಯೋಗರೆ ದಿನ ಬೇಡ. ಬೆಲೆ ಕದಲದೆ ಬೇಡಿಕೆ ಬದಲಾಯಿತು ಅಂದರೆ ಇಡೀ ಗೆರೆಯೇ ಜರುಗಿತು ಅಂತ. ಬೆಲೆ 20 ಆದದ್ದಕ್ಕೆ ತಿನ್ನುವುದು ಬಿಟ್ಟಿದ್ದರೆ ಗೆರೆ ಅಲ್ಲೇ ಇದೆ, ನಿಮ್ಮ ಮಗ ಅದರ ಮೇಲೆ ಸರಿದ ಅಷ್ಟೆ. ನನ್ನ ಮಕ್ಕಳು ಪರೀಕ್ಷೆಯಲ್ಲಿ ಅತಿ ಜಾಸ್ತಿ ಅಂಕ ಕಳೆದುಕೊಳ್ಳುವುದು ಇದೇ ಜಾಗದಲ್ಲಿ. ನಿಯಮದ ವಿಷಯ ನೀವು ಹೇಳಿದ್ದು ನಿಜ, ಆ ಪ್ರಶ್ನೆಯನ್ನು ಶಾಲೆಯವರಿಗೇ ಕೇಳಬೇಕು.

ಹಳೇ ಗಲ್ಲಾಪೆಟ್ಟಿಗೆ

ನಾನು ಒಂಬತ್ತು ವರ್ಷ ಒಂದು ಕಾಲೇಜಿನ ಕ್ಯಾಂಟೀನ್ ಗುತ್ತಿಗೆ ನಡೆಸಿದವನು. ಪುಸ್ತಕದ ಅರ್ಥಶಾಸ್ತ್ರ ಗೊತ್ತಿಲ್ಲ, ಆದರೆ ಆ ಹುಡುಗಿಯ ಎರಡನೇ ಪ್ರಶ್ನೆಗೆ ಉತ್ತರ ಗೊತ್ತು. 80 ಹೋಗುತ್ತದೆ ಅಂತ ಕಂಡರೂ 60 ಮಾತ್ರ ತರುವುದು ಯಾಕೆ?

ಮೇಷ್ಟ್ರೇ, ಅವರಿಗೆ ಬೇಕರಿಯಿಂದ ಪಫ್ಸ್ ಎಷ್ಟಕ್ಕೆ ಬೀಳುತ್ತದೆ ಕೇಳಿ ನೋಡಿ. ಉಳಿದದ್ದನ್ನು ಬೇಕರಿಯವನು ವಾಪಸ್ ತಗೋತಾನಾ ಅದನ್ನೂ ಕೇಳಿ. ಆಮೇಲೆ ಮಾತಾಡೋಣ.

ಚಾಕ್‌ಪೀಸ್ ಮೇಷ್ಟ್ರು

ಈಗಷ್ಟೇ ಕೇಳಿಕೊಂಡು ಬಂದೆ. 11 ರೂಪಾಯಿಗೆ ಬೀಳುತ್ತದಂತೆ. ವಾಪಸ್ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ ಚರ್ಮದ ಹಾಗಾಗುತ್ತದೆ, ಯಾರೂ ಮುಟ್ಟುವುದಿಲ್ಲ ಅಂದರು.

ಹಳೇ ಗಲ್ಲಾಪೆಟ್ಟಿಗೆ

ಅಂದುಕೊಂಡ ಹಾಗೇ ಇದೆ. ಈಗ ಲೆಕ್ಕ ನೋಡಿ. ಒಂದು ಪಫ್ಸ್ ಹೋದರೆ 4 ರೂಪಾಯಿ ಉಳಿಯುತ್ತದೆ. ಹೋಗದಿದ್ದರೆ 11 ರೂಪಾಯಿ ಕಸದ ಬುಟ್ಟಿಗೆ. ಅವರು 61ನೇ ಪಫ್ಸ್ ತರಬೇಕಾ ಬೇಡವಾ ಅಂತ ಯೋಚಿಸುತ್ತಿದ್ದಾರೆ ಅಂದುಕೊಳ್ಳಿ. ಹತ್ತು ದಿನದಲ್ಲಿ ಏಳು ದಿನ ಅದು ಹೋಯಿತು, ಮೂರು ದಿನ ಉಳಿಯಿತು. ಬಂದದ್ದು 28, ಹೋದದ್ದು 33. ನಷ್ಟ! ಹತ್ತರಲ್ಲಿ ಏಳು ದಿನ ಮಾರಾಟವಾದ ಮಾಲಿಗೂ ನಷ್ಟ. ಎಂಟು ದಿನ ಹೋದರೆ 32 ಬಂತು, 22 ಹೋಯಿತು, ಹತ್ತು ರೂಪಾಯಿ ಲಾಭ. ಅಂದರೆ ಹತ್ತಕ್ಕೆ ಎಂಟು ದಿನ ಗ್ಯಾರಂಟಿ ಹೋಗುತ್ತದೆ ಅಂತ ಮನಸ್ಸು ಹೇಳುವ ತನಕ ಮಾತ್ರ ತರುತ್ತೇವೆ. ಅದಕ್ಕಿಂತ ಮೇಲೆ ಒಂದೂ ಇಲ್ಲ.

ಹೀಗಾಗಿ ದಿನಾ ಬೇಗ ಖಾಲಿಯಾಗುವುದು ನಮ್ಮ ಸೋಮಾರಿತನ ಅಲ್ಲ. ಕೆಲವರಿಗೆ ಸಿಗದೇ ಹೋಗುವ ಹಾಗೆ ತಂದರೇ ನಮ್ಮ ಗಲ್ಲಾ ಸರಿ ಇರುತ್ತದೆ. ಮಕ್ಕಳು ಬೈತಾರೆ, ಬೈಸಿಕೊಳ್ತೀವಿ.

ಪಿಯು ಉಪನ್ಯಾಸಕಿ, ಧಾರವಾಡ

ಗಲ್ಲಾಪೆಟ್ಟಿಗೆ ಅವರೇ, ಕೈ ಮುಗಿದೆ. ಪೂರೈಕೆ ಗೆರೆ ಯಾಕೆ ಮೇಲಕ್ಕೆ ಏರುತ್ತದೆ ಅಂತ ಇಷ್ಟು ವರ್ಷ 'ಬೆಲೆ ಜಾಸ್ತಿಯಾದರೆ ಲಾಭ ಜಾಸ್ತಿ, ಅದಕ್ಕೆ ಹೆಚ್ಚು ತರ್ತಾರೆ' ಅಂತ ಹೇಳಿ ಮುಗಿಸುತ್ತಿದ್ದೆ. ನಿಮ್ಮ ಲೆಕ್ಕವನ್ನೇ ಒಂದು ಹೆಜ್ಜೆ ಮುಂದೆ ತಗೊಂಡರೆ ಸಾಕು. ಬೆಲೆ 20 ಇಟ್ಟರು ಅಂದುಕೊಳ್ಳಿ. ಹೋದರೆ 9 ಉಳಿಯಿತು, ಹೋಗದಿದ್ದರೆ ಅದೇ 11 ನಷ್ಟ. ಈಗ ಹತ್ತರಲ್ಲಿ ಆರು ದಿನ ಹೋದರೂ 54 ಬಂತು, 44 ಹೋಯಿತು, ಲಾಭವೇ. ಮೊದಲು ಎಂಟು ದಿನದ ಖಾತ್ರಿ ಬೇಕಿತ್ತು, ಈಗ ಆರು ದಿನದ್ದು ಸಾಕು. ಅದೇ ಮಕ್ಕಳು, ಅದೇ ಜನಜಂಗುಳಿ ಇದ್ದರೂ ಹೆಚ್ಚು ಟ್ರೇ ತರುವ ಧೈರ್ಯ ಬರುತ್ತದೆ. ಗೆರೆ ಮೇಲಕ್ಕೆ ಹೋಗುವುದು ಅಂದರೆ ಇದೇ.

ಬೇಕರಿಯವನು ನಾಳೆಯಿಂದ 'ಉಳಿದದ್ದು ವಾಪಸ್ ತಗೋತೀನಿ' ಅಂದರೆ 15 ರೂಪಾಯಿಗೇ 90 ಬರುತ್ತದೆ. ಬೋರ್ಡ್ ಮೇಲಿನ ಬೆಲೆ ಬದಲಾಗಿಲ್ಲ, ಪೂರೈಕೆ ಬದಲಾಯಿತು. ಅದು ಗೆರೆಯೇ ಬಲಕ್ಕೆ ಜರುಗಿದ್ದು. ಉಪ್ಪಿಟ್ಟಿನ ಕತೆಯೇ, ಕೌಂಟರಿನ ಆ ಕಡೆಯಿಂದ ನೋಡಿದ್ದು.

ಬಿಕಾಂ ಮುಗಿಸಿದವ

ಸರಿ, ಸಮತೋಲನದ ಮಾತು ವಾಪಸ್ ತಗೊಂಡೆ. ಆದರೆ ಹಾಗಾದರೆ ಪರಿಹಾರ ಎದುರಿಗೇ ಇದೆಯಲ್ಲ, 20 ಮಾಡಿಬಿಡಿ. ತರುವುದೂ ಜಾಸ್ತಿ, ಕ್ಯೂ ಕಡಿಮೆ.

ಹಳೇ ಗಲ್ಲಾಪೆಟ್ಟಿಗೆ

ಮೇಷ್ಟ್ರ ಚೀಟಿ ನೋಡಿ ತಮ್ಮಾ. 15ಕ್ಕೆ 23 ಮಕ್ಕಳು, 20ಕ್ಕೆ 12. ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಹೆಚ್ಚು ತರುವ ಧೈರ್ಯ ಬಂದು ಏನು ಮಾಡಲಿ, ತಿನ್ನುವವರೇ ಇಲ್ಲದಿದ್ದರೆ? 17 ಇಡಬಹುದಿತ್ತು, ಆದರೆ ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಮೂರು ರೂಪಾಯಿ ಚಿಲ್ಲರೆ ಎಣಿಸುತ್ತಾ ಕೂತರೆ ಅರ್ಧ ಜನಕ್ಕೆ ಕೊಡಲೂ ಆಗುವುದಿಲ್ಲ, ಮಕ್ಕಳ ಹತ್ತಿರ ಫೋನ್ ಇರುವುದಿಲ್ಲ, ಸ್ಕ್ಯಾನ್ ಮಾಡಿ ಕೊಡಿ ಅನ್ನುವ ಹಾಗೂ ಇಲ್ಲ. ಹಾಗಾಗಿ ನಮ್ಮ ಬೆಲೆ ಐದೈದು ರೂಪಾಯಿಗೆ ಜಿಗಿಯುತ್ತದೆ, ಪುಸ್ತಕದ ಹಾಗೆ ಮೆಲ್ಲಗೆ ಜಾರುವುದಿಲ್ಲ.

ನಿಜ ಹೇಳಬೇಕೆಂದರೆ ಬೆಲೆ ಏರಿಸಲು ಆಗದ ವರ್ಷ ನಾವು ಸೈಜ್ ಇಳಿಸುತ್ತಿದ್ದೆವು. ಎಗ್ ಪಫ್ಸ್‌ನಲ್ಲಿ ಅರ್ಧ ಮೊಟ್ಟೆ ಇದ್ದದ್ದು ಕಾಲು ಆಗುತ್ತಿತ್ತು. ಬೋರ್ಡ್ ಮೇಲೆ ಅದೇ ಬೆಲೆ. ಇದನ್ನೂ ಮಕ್ಕಳಿಗೆ ಹೇಳಿ, ಬೆಲೆ ಏರಿಲ್ಲ ಅನ್ನುವ ಮೊದಲು ತೂಕ ನೋಡಬೇಕು ಅಂತ.

ಸಿಲ್ಕ್ ಬೋರ್ಡ್ ಸಂತ್ರಸ್ತ

ನಮ್ಮ ಬೆಂಗಳೂರಿನ ಇಂದಿರಾ ಕ್ಯಾಂಟೀನ್ ಉದಾಹರಣೆ ಕೊಡಬಹುದಲ್ಲ? 2017ರಲ್ಲಿ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಬೆಲೆ ಸರ್ಕಾರ ಕಟ್ಟಿಹಾಕಿದೆ, ಹಾಗಾಗಿ ಬೇಗ ಬಂದು ಕ್ಯೂ ನಿಂತವನಿಗೆ ಟೋಕನ್. ನಾನು ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಎಷ್ಟೋ ಸಲ ತಡವಾಗಿ ಹೋಗಿ ಟೋಕನ್ ಮುಗಿದು ವಾಪಸ್ ಬಂದಿದ್ದೇನೆ. ಹತ್ತು ರೂಪಾಯಿ ಊಟಕ್ಕೆ ಮುಕ್ಕಾಲು ಗಂಟೆ ಕೊಟ್ಟ ಹಾಗೆ ಆಗುತ್ತಿತ್ತು.

ಪಿಯು ಉಪನ್ಯಾಸಕಿ, ಧಾರವಾಡ

ಒಳ್ಳೆಯ ಉದಾಹರಣೆ, ಒಂದು ಎಚ್ಚರಿಕೆ ಇಟ್ಟುಕೊಂಡು. ಅಲ್ಲಿ ಕಡಿಮೆ ಬೆಲೆ ಬೇಕಂತಲೇ ಇಟ್ಟದ್ದು, ಉಳಿದ ಹಣ ಸರ್ಕಾರ ತುಂಬುತ್ತದೆ. ಪಫ್ಸ್ ವಿಷಯದಲ್ಲಿ ಯಾರೂ ತುಂಬಿಕೊಡುವುದಿಲ್ಲ. ಆದರೆ ನೀವು ಹೇಳಿದ ಮುಕ್ಕಾಲು ಗಂಟೆ ಇದೆಯಲ್ಲ, ಅದು ಮುಖ್ಯ. ಬೆಲೆ ಏರದ ಜಾಗದಲ್ಲಿ ಯಾರಿಗೆ ಸಿಗಬೇಕು ಅನ್ನುವುದನ್ನು ಬೇರೆ ಏನೋ ತೀರ್ಮಾನಿಸುತ್ತದೆ. ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಅದು ಏನು?

ಲಾಸ್ಟ್ ಬೆಂಚ್ 11

ನಾನು ಹೇಳ್ತೀನಿ ಮೇಡಂ. ನಾನು ಈ ಸರ್ ಕ್ಲಾಸಿನವನಲ್ಲ, ಬೇರೆ ಶಾಲೆ, ಆದರೆ ನಮ್ಮಲ್ಲೂ ಹೀಗೇ. ಯಾವ ಕ್ಲಾಸ್ ಕೆಳಗಿನ ಮಹಡಿಯಲ್ಲಿದೆ ಅನ್ನುವುದು ತೀರ್ಮಾನಿಸುತ್ತದೆ. ನಾವು ಗ್ರೌಂಡ್ ಫ್ಲೋರ್, ಕ್ಯಾಂಟೀನಿಗೆ ಇಪ್ಪತ್ತು ಹೆಜ್ಜೆ. ಎಂಟನೇ ಕ್ಲಾಸಿನವರು ಎರಡನೇ ಮಹಡಿ. ಅವರು ಇಳಿದು ಬರುವಷ್ಟರಲ್ಲಿ ಖಾಲಿ ಟ್ರೇ. ಈಗ ಅವರು ಬರುವುದೇ ಇಲ್ಲ.

ಇನ್ನೊಂದು. ನಮ್ಮ ಕ್ಲಾಸಿನ ಒಬ್ಬ ದಿನಾ ಮೊದಲು ಓಡಿ ನಾಲ್ಕು ಪಫ್ಸ್ ತಗೊಳ್ತಾನೆ. ಒಂದು ಅವನು ತಿಂತಾನೆ, ಮೂರನ್ನು ಮೇಲಿನ ಮಹಡಿಯಲ್ಲಿ 20ಕ್ಕೆ ಮಾರ್ತಾನೆ. ದಿನಕ್ಕೆ 15 ರೂಪಾಯಿ ಲಾಭ, ಅವನ ಪಫ್ಸ್ ಅವನಿಗೆ ಫ್ರೀ. ಸಮತೋಲನ ಬೆಲೆ 20 ಅಂತ ಇದರಿಂದ ಗೊತ್ತಾಗುತ್ತೆ ಅಲ್ವಾ?

ಪಿಯು ಉಪನ್ಯಾಸಕಿ, ಧಾರವಾಡ

ಅಷ್ಟು ಬೇಗ ಬೇಡ. ಅವನು ಮಾರುವುದು ಮೂರು. ಬರಿಗೈಯಲ್ಲಿ ಹೋದವರಲ್ಲಿ ಅತಿ ಹಸಿದ ಮೂವರು 20 ಕೊಡುತ್ತಾರೆ, ಅಷ್ಟೇ ಗೊತ್ತಾಗುವುದು. ಅವನು ದಿನಾ 30 ಮಾರಲು ಹೋದರೆ 20 ಸಿಗುತ್ತದಾ ನೋಡಿ. ಆದರೆ 15ಕ್ಕೆ ಬೇಡಿಕೆ ತೀರಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಎಲ್ಲಾದರೂ ಬ್ಲ್ಯಾಕ್‌ನಲ್ಲಿ ಮಾರಾಟ ಕಂಡರೆ ಅಲ್ಲಿ ಬೋರ್ಡ್ ಬೆಲೆ ಕಡಿಮೆ ಇದೆ ಅಂತಲೇ ಅರ್ಥ.

ಎಂಟನೇ ಕ್ಲಾಸಿನವರು ಬರುವುದೇ ಇಲ್ಲ ಅಂದೆಯಲ್ಲ, ಅದನ್ನು ಮೇಷ್ಟ್ರು ಗಮನಿಸಬೇಕು. ಕೌಂಟರ್ ಮುಂದೆ ಎಷ್ಟು ಜನ ಬರಿಗೈಯಲ್ಲಿ ಹೋದರು ಅಂತ ಎಣಿಸಿದರೂ ಇವರು ಲೆಕ್ಕಕ್ಕೆ ಸಿಗುವುದಿಲ್ಲ.

ಎರಡು ಮಕ್ಕಳ ಅಮ್ಮ

ಒಂದು ಹುಡುಗ ಶಾಲೆಯೊಳಗೆ ಬ್ಲ್ಯಾಕ್ ನಡೆಸುತ್ತಿದ್ದಾನೆ, ಇಲ್ಲಿ ಅದನ್ನು ಸಾಕ್ಷಿ ಅಂತಿದ್ದೀರಿ! ಪ್ರಿನ್ಸಿಪಾಲರಿಗೆ ಹೇಳಬೇಕು.

ಮೌಲ್ಯಮಾಪಕ

ಎಲ್ಲ ಸರಿ, ಆದರೆ ಪ್ರಥಮ ಪಿಯುಸಿಗೆ ಬೇಡಿಕೆ-ಪೂರೈಕೆ ಎಲ್ಲಿದೆ? ಅಲ್ಲಿರುವುದು ಸಂಖ್ಯಾಶಾಸ್ತ್ರ ಮತ್ತು ಭಾರತದ ಆರ್ಥಿಕ ಅಭಿವೃದ್ಧಿ. ಸೂಕ್ಷ್ಮ ಅರ್ಥಶಾಸ್ತ್ರ ದ್ವಿತೀಯ ಪಿಯುಸಿಗೆ. ಸಿಲಬಸ್‌ನಲ್ಲಿ ಇಲ್ಲದ್ದನ್ನು ಹೇಳಿ ಮಕ್ಕಳ ಸಮಯ ಹಾಳು ಮಾಡಬೇಡಿ.

ಚಾಕ್‌ಪೀಸ್ ಮೇಷ್ಟ್ರು

ಸರ್, ನಮ್ಮದು ಸಿಬಿಎಸ್‌ಇ. ಅಲ್ಲಿ ಹನ್ನೊಂದಕ್ಕೇ ಬರುತ್ತದೆ, ಸಂಖ್ಯಾಶಾಸ್ತ್ರದ ಜೊತೆಗೆ. ಅದೇ ಅನುಕೂಲ, ಎಣಿಸುವ ಪಾಠವೂ ಈ ಪಾಠವೂ ಒಟ್ಟಿಗೆ ಆಗುತ್ತವೆ.

ಎರಡು ಪ್ರಶ್ನೆ ಉಳಿದಿವೆ. ಒಂದು, ಎರಡು ದಿನ 20 ರೂಪಾಯಿ ಇಟ್ಟು ನೋಡೋಣ ಅಂತ ಮಕ್ಕಳು ಕೇಳುತ್ತಿದ್ದಾರೆ. ಎರಡು, ಚೀಟಿಯಲ್ಲಿ ಬರೆದದ್ದನ್ನು ಎಷ್ಟು ನಂಬಬಹುದು?

ಹಳೇ ಗಲ್ಲಾಪೆಟ್ಟಿಗೆ

ಎರಡು ದಿನದ ಪ್ರಯೋಗ ಬೇಡ. ಮೊದಲ ದಿನ ಮಕ್ಕಳ ಜೇಬಲ್ಲಿ 15 ಮಾತ್ರ ಇರುತ್ತದೆ, ಎರಡನೇ ದಿನ ಸಿಟ್ಟಲ್ಲಿ ತಗೊಳ್ಳುವುದಿಲ್ಲ. ನಿಮಗೆ ಸಿಗುವುದು ಸಿಟ್ಟಿನ ಲೆಕ್ಕ. ಬೆಲೆ ಏರಿಸಿದ ಮೇಲೆ ವ್ಯಾಪಾರ ತನ್ನ ಜಾಗಕ್ಕೆ ಬರಲು ನಮಗೆ ಎರಡು ಮೂರು ವಾರ ಬೇಕಾಗುತ್ತಿತ್ತು.

ಪಿಯು ಉಪನ್ಯಾಸಕಿ, ಧಾರವಾಡ

ನನಗೂ 20ರ ಪ್ರಯೋಗ ಇಷ್ಟವಿಲ್ಲ, ಪಾಠಕ್ಕೋಸ್ಕರ ಮಕ್ಕಳ ಜೇಬಿಗೆ ಕೈ ಹಾಕಬಾರದು. ಚೀಟಿಯ ವಿಷಯ ಹೇಳುವುದಾದರೆ, ಇದನ್ನು ನೋಡಿ ಬೆಲೆ ಏರಿಸ್ತಾರೆ ಅಂತ ಅನ್ನಿಸಿದರೆ ಮಕ್ಕಳು ಕಡಿಮೆ ಬರೆಯುತ್ತಾರೆ. 15ರಲ್ಲೇ ಹನ್ನೊಂದು ಜನ ಯಾಕೆ ಗುಂಪಾದರು? ಈಗಿನ ಬೆಲೆ ಗೊತ್ತಿರುವುದರಿಂದ ಅದನ್ನೇ ಬರೆದಿದ್ದಾರೆ ಅಂತ ನನ್ನ ಅನುಮಾನ.

ಬೆಲೆ ಮುಟ್ಟದೆ ಒಂದು ಕೆಲಸ ಮಾಡಬಹುದು. ಹಿಂದಿನ ದಿನ ಸಂಜೆ ಪ್ರತಿ ಕ್ಲಾಸಿನಲ್ಲೂ 15 ರೂಪಾಯಿಗೆ ಕೂಪನ್ ಮಾರಿ. ಎಷ್ಟು ಕೂಪನ್ನೋ ಅಷ್ಟೇ ಪಫ್ಸ್ ಬರಲಿ. ಉಳಿಯುವ ಭಯ ಇಲ್ಲದ್ದರಿಂದ ಗುತ್ತಿಗೆಯವರು ಒಪ್ಪಬೇಕು, ಎರಡನೇ ಮಹಡಿಯವರ ಬೇಡಿಕೆಯೂ ಎಣಿಕೆಗೆ ಸಿಗುತ್ತದೆ.

ಬಿಕಾಂ ಮುಗಿಸಿದವ

ಆದರೆ ನಾಳೆ ಹಸಿವಾಗುತ್ತೋ ಇಲ್ಲವೋ ಅಂತ ಇವತ್ತು ಯಾರಿಗೆ ಗೊತ್ತು? ಇವತ್ತಿನ ಕೂಪನ್ನೂ ಬಿಡುವಿನ ಹೊತ್ತಿನ ಪಫ್ಸೂ ಒಂದೇ ವಸ್ತುವಾ?

ಪಿಯು ಉಪನ್ಯಾಸಕಿ, ಧಾರವಾಡ

ಈ ಸಲ ನೀವು ಹೇಳಿದ್ದು ಸರಿ. ಒಂದೇ ಅಲ್ಲ. ಡಬ್ಬಿಯಲ್ಲಿ ಉಪ್ಪಿಟ್ಟು ಇದೆ ಅಂತ ಬೆಳಿಗ್ಗೆ ಗೊತ್ತಾಗುವವರು ಬಿಟ್ಟುಹೋಗುತ್ತಾರೆ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಚಾಕ್‌ಪೀಸ್ ಮೇಷ್ಟ್ರು

ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಪ್ರಿನ್ಸಿಪಾಲರು ಮೂರು ದಿನ ಕೂಪನ್ ಮಾಡಲು ಬಿಟ್ಟರು. ಮೊದಲ ದಿನ 71, ಎರಡನೇ ದಿನ 88, ಮೂರನೇ ದಿನ 84. ಮೊದಲ ದಿನ ಕಡಿಮೆ, ಯಾಕೆಂದರೆ ಆರನೇ ತರಗತಿಯವರು ನಂಬಲೇ ಇಲ್ಲ, ದುಡ್ಡು ಕೊಟ್ಟರೆ ಪಫ್ಸ್ ಸಿಗುತ್ತಾ ಸರ್ ಅಂತ ನಾಲ್ಕು ಸಲ ಕೇಳಿದರು. ಕೂಪನ್ ತಗೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಲಿನ ಮಹಡಿಗಳವರು. ನಾವು ಐದು ದಿನ ಎಣಿಸಿದ ಅರವತ್ತರಲ್ಲಿ ಇವರು ಇರಲೇ ಇಲ್ಲ.

ಗುತ್ತಿಗೆಯವರು ಖುಷಿಯಾಗಿದ್ದಾರೆ, ಆದರೆ ಇದನ್ನು ದಿನಾ ಮಾಡಲು ಒಪ್ಪುತ್ತಿಲ್ಲ. ಸಂಜೆ ಕೂಪನ್ ಮಾರಲು ಒಬ್ಬ ಹುಡುಗನನ್ನು ಇಡಬೇಕು, ಅವನ ಸಂಬಳ ಯಾರು ಕೊಡುತ್ತಾರೆ ಅಂತ ಕೇಳಿದರು. ಗಲ್ಲಾಪೆಟ್ಟಿಗೆ ಅವರ ನಾಲ್ಕು ರೂಪಾಯಿ ನೆನಪಾಗಿ ನಾನು ಸುಮ್ಮನಾದೆ.

ಲಾಸ್ಟ್ ಬೆಂಚ್ 11

ಸರ್, ನಿಮ್ಮದನ್ನು ನೋಡಿ ನಮ್ಮ ಶಾಲೆಯಲ್ಲೂ ನಿನ್ನೆ ಕೂಪನ್ ಮಾಡಿದರು. ನಮ್ಮವನು ನಾಲ್ಕು ಕೂಪನ್ ತಗೊಂಡಿದ್ದ. ಎರಡನೇ ಮಹಡಿಗೆ ಹೋದರೆ ಅಲ್ಲಿ ಎಲ್ಲರ ಕೈಯಲ್ಲೂ ಪಫ್ಸ್. 20 ಅಂದ, 15 ಅಂದ, ಕೊನೆಗೆ 10 ಅಂದ, ಒಂದು ಹೋಯಿತು. ಉಳಿದ ಮೂರನ್ನೂ ಅವನೇ ತಿಂದ.

ಹಳೇ ಗಲ್ಲಾಪೆಟ್ಟಿಗೆ

ಅವನನ್ನು ಕೇಳು, ನಾಳೆ ಎಷ್ಟು ತಗೋತಾನಂತೆ?

ಲಾಸ್ಟ್ ಬೆಂಚ್ 11

ಒಂದು.